ಪಿಆರ್ ಅಂದರೆ ಯಾವ ಪಿಆರ್? ಫುಲ್ ಫಾರ್ಮ್ ಕೇಳುವ ಮೊದಲು ಸುತ್ತಲ ಮಾತನ್ನು ಓದುವ ಬಗೆ

ಪೀಣ್ಯದ ಕಡೆಯ ಒಂದು ಕಂಪನಿ. ಅಲ್ಲಿ ಯಂತ್ರಗಳನ್ನು ತಯಾರಿಸುತ್ತಾರೆ, ಆ ಯಂತ್ರ ಓಡಿಸುವ ಸಾಫ್ಟ್‌ವೇರನ್ನೂ ತಾವೇ ಬರೆಯುತ್ತಾರೆ. ಹಾಗಾಗಿ ಒಂದೇ ಚಾಟ್ ಗ್ರೂಪಿನಲ್ಲಿ ಕೋಡ್ ಬರೆಯುವವರು, ಪರ್ಚೇಸ್‌ನವರು, ಪ್ಲಾಂಟಿನವರು ಎಲ್ಲರೂ ಇರುತ್ತಿದ್ದರು. ನಾನು ಅಲ್ಲಿದ್ದಾಗ ಒಂದು ಶುಕ್ರವಾರ ಮಧ್ಯಾಹ್ನ ಟೆಸ್ಟಿಂಗ್ ಲೀಡ್ ಪ್ಲಾಂಟ್ ಮ್ಯಾನೇಜರನ್ನು ಟ್ಯಾಗ್ ಮಾಡಿ ಗ್ರೂಪಿಗೆ ಹೀಗೊಂದು ಮೆಸೇಜ್ ಹಾಕಿದರು: "ನನ್ನ ಪಿಆರ್ ಇನ್ನೂ ಪೆಂಡಿಂಗ್ ಇದೆ. ಇವತ್ತೇ ಅಪ್ರೂವ್ ಆಗ್ಬೇಕು, ಇಲ್ಲಾಂದ್ರೆ ಸೋಮವಾರದ ಡೆಲಿವರಿ ಮಿಸ್ ಆಗತ್ತೆ."

ಸಾಫ್ಟ್‌ವೇರ್ ಟೀಮಿಗೆ ಸೇರಿ ಮೂರು ವಾರ ಆಗಿದ್ದ ಹುಡುಗಿಯೊಬ್ಬಳು ಇದನ್ನು ಓದಿದಳು. ಅವಳಿಗೆ ಗೊತ್ತಿದ್ದ ಪಿಆರ್ ಒಂದೇ: ಪುಲ್ ರಿಕ್ವೆಸ್ಟ್, ಅಂದರೆ ಬರೆದ ಕೋಡನ್ನು ಮುಖ್ಯ ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ. ಗಿಟ್‌ಹಬ್ ತೆಗೆದು ನೋಡಿದಳು. ಅದೇ ಲೀಡ್ ಹೆಸರಿನಲ್ಲಿ ಒಂದು ಪುಲ್ ರಿಕ್ವೆಸ್ಟ್ ನಿಜವಾಗಿಯೂ ಬಾಕಿ ಇತ್ತು. ಕೋಡ್ ಓದಿದಳು, ತಪ್ಪೇನೂ ಕಾಣಲಿಲ್ಲ, ಅಪ್ರೂವ್ ಮಾಡಿ ಮರ್ಜ್ ಮಾಡಿದಳು. ಒಂದು ಕೆಲಸ ಮುಗಿಸಿದ ಸಮಾಧಾನದಲ್ಲಿ ಮನೆಗೆ ಹೋದಳು.

ಆದರೆ ಲೀಡ್ ಹೇಳಿದ್ದು ಪರ್ಚೇಸ್ ರಿಕ್ವಿಸಿಷನ್, ಅಂದರೆ ಖರೀದಿಗೆ ಹಾಕಿದ ಬೇಡಿಕೆ. ಪರೀಕ್ಷೆಗೆ ಬಾರ್‌ಕೋಡ್ ಸ್ಕ್ಯಾನರ್‌ಗಳು ಬೇಕಿದ್ದವು. ಆ ಸ್ಕ್ಯಾನರ್ ಬಂದ ಮೇಲೆ ಪರೀಕ್ಷಿಸಿ ಸೇರಿಸೋಣವೆಂದೇ ಅವರು ಪುಲ್ ರಿಕ್ವೆಸ್ಟನ್ನು ಬಾಕಿ ಇಟ್ಟಿದ್ದರು. ಸೋಮವಾರ ಬೆಳಿಗ್ಗೆ ಲೈನಿನಲ್ಲಿ ಲೇಬಲ್ ಪ್ರಿಂಟ್ ಆಗುವುದು ನಿಂತಿತು. ಸೇರಿಸಿದ್ದನ್ನು ಹಿಂದಕ್ಕೆ ತೆಗೆಯಲು ಅರ್ಧ ದಿನ ಹಿಡಿಯಿತು. ಇತ್ತ ಖರೀದಿಯ ಬೇಡಿಕೆ ಯಾರೂ ಮುಟ್ಟದೆ ಹಾಗೇ ಕೂತಿತ್ತು.

ಅವಳು ದಡ್ಡಿಯಲ್ಲ, ಉದಾಸೀನವೂ ಮಾಡಲಿಲ್ಲ. ಪಿಆರ್ ಎಂಬ ಎರಡಕ್ಷರಕ್ಕೆ ಇನ್ನೊಂದು ಅರ್ಥ ಇರಬಹುದೆಂಬ ಅನುಮಾನವೇ ಅವಳಿಗೆ ಬರಲಿಲ್ಲ. ಬಂದಿದ್ದರೆ ಯಾರನ್ನೂ ಕೇಳದೆ ಐದು ನಿಮಿಷದಲ್ಲಿ ಸರಿಯಾದ ಅರ್ಥ ಸಿಗುತ್ತಿತ್ತು, ಏಕೆಂದರೆ ಬೇಕಾದ ಸುಳಿವೆಲ್ಲ ಆ ಗ್ರೂಪಿನಲ್ಲೇ ಇತ್ತು. ಆ ಐದು ನಿಮಿಷದಲ್ಲಿ ಏನೇನು ನೋಡಬೇಕು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಮೆಸೇಜನ್ನು ಕೈಯಲ್ಲಿ ಹಿಡಿದು ಹೋಗೋಣ.

ಮೊದಲು: ಇನ್ನೊಂದು ಅರ್ಥ ಇದೆಯೇ ಎಂದು ಎಣಿಸಿ

ಗೊತ್ತಿಲ್ಲದ ಶಾರ್ಟ್ ಫಾರ್ಮ್ ಅಪಾಯಕಾರಿಯಲ್ಲ. ಗೊತ್ತಿಲ್ಲ ಎಂಬುದು ನಮಗೇ ತಿಳಿಯುತ್ತದೆ, ಹುಡುಕುತ್ತೇವೆ. ಗೊತ್ತಿದೆ ಎಂದುಕೊಂಡದ್ದರಲ್ಲೇ ತೊಂದರೆ. ಹಾಗಾಗಿ ಎರಡು ಮೂರು ಅಕ್ಷರದ ಯಾವುದೇ ಶಾರ್ಟ್ ಫಾರ್ಮ್ ಕಂಡು, ಅದರ ಮೇಲೆ ನೀವು ಏನಾದರೂ ಕೆಲಸ ಮಾಡಲು ಹೊರಟಿದ್ದರೆ, ಮೊದಲು ಅದಕ್ಕಿರುವ ಬೇರೆ ಅರ್ಥಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ.

ಬೆಂಗಳೂರಿನ ಒಂದು ಆಫೀಸಿನಲ್ಲಿ ಪಿಆರ್ ಅಂದರೆ ಪುಲ್ ರಿಕ್ವೆಸ್ಟ್ ಆಗಬಹುದು, ಪರ್ಚೇಸ್ ರಿಕ್ವಿಸಿಷನ್ ಆಗಬಹುದು, ಪಬ್ಲಿಕ್ ರಿಲೇಷನ್ಸ್ ಆಗಬಹುದು, ಪ್ರೆಸ್ ರಿಲೀಸ್ ಆಗಬಹುದು, ಮಾರ್ಚ್ ಹತ್ತಿರ ಬಂದರೆ ಪರ್ಫಾರ್ಮೆನ್ಸ್ ರಿವ್ಯೂ ಆಗಬಹುದು. ಊಟದ ಹೊತ್ತಿನಲ್ಲಿ ಕೆನಡಾ, ಆಸ್ಟ್ರೇಲಿಯಾ ಮಾತು ಬಂದರೆ ಪರ್ಮನೆಂಟ್ ರೆಸಿಡೆನ್ಸಿ. ಇಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ನಿಮ್ಮ ಆಫೀಸಿನ ವಿಭಾಗಗಳನ್ನು ಒಂದೊಂದಾಗಿ ನೆನೆಸಿಕೊಂಡರೆ ಸಾಕು: ಕೋಡ್ ಬರೆಯುವವರು ಇದಕ್ಕೆ ಏನನ್ನುತ್ತಾರೆ, ಪರ್ಚೇಸ್‌ನವರು ಏನನ್ನುತ್ತಾರೆ, ಎಚ್‌ಆರ್‌ನವರು ಏನನ್ನುತ್ತಾರೆ. ಸಾಮಾನ್ಯವಾಗಿ ಎರಡೋ ಮೂರೋ ಗಟ್ಟಿ ಅಭ್ಯರ್ಥಿಗಳು ಉಳಿಯುತ್ತವೆ. ನಮ್ಮ ಮೆಸೇಜಿಗೆ ಉಳಿದವು ಎರಡು, ಪುಲ್ ರಿಕ್ವೆಸ್ಟ್ ಮತ್ತು ಪರ್ಚೇಸ್ ರಿಕ್ವಿಸಿಷನ್.

ಆಮೇಲೆ: ಪಕ್ಕದಲ್ಲಿ ಕೂತ ಪದ ಯಾವ ಕಡೆಯದು?

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಸುತ್ತಲ ಪದ ಓದು ಎಂದರೆ ಎಲ್ಲರೂ ಓದುತ್ತಾರೆ, ಆ ಹುಡುಗಿಯೂ ಓದಿದ್ದಳು. ಪೆಂಡಿಂಗ್ ಇದೆ, ಅಪ್ರೂವ್ ಆಗಬೇಕು: ಎರಡೂ ಪುಲ್ ರಿಕ್ವೆಸ್ಟಿಗೆ ಚೆನ್ನಾಗಿ ಹೊಂದುತ್ತವೆ. ಆದರೆ ಹೊಂದುತ್ತದೆಯೇ ಎಂದು ನೋಡಿದರೆ ಸಾಲದು. ಇನ್ನೊಂದು ಅರ್ಥಕ್ಕೆ ಹೊಂದುವುದಿಲ್ಲವೇ ಎಂದು ನೋಡಬೇಕು. ಪೆಂಡಿಂಗ್, ಅಪ್ರೂವ್ ಎರಡೂ ಖರೀದಿ ಬೇಡಿಕೆಗೂ ಅಷ್ಟೇ ಚೆನ್ನಾಗಿ ಹೊಂದುತ್ತವೆ. ಅಂದಮೇಲೆ ಈ ಎರಡು ಪದಗಳಿಂದ ನಮಗೆ ಸಿಕ್ಕ ಮಾಹಿತಿ ಸೊನ್ನೆ.

ಇಂಥ ಎರಡೂ ಕಡೆಯ ಪದಗಳು ಆಫೀಸಿನಲ್ಲಿ ಧಾರಾಳವಾಗಿವೆ. "ಪಿಆರ್ ರೈಸ್ ಮಾಡಿದೀನಿ" ಎಂದು ಕೋಡ್ ಬರೆಯುವವರೂ ಹೇಳುತ್ತಾರೆ, ಪರ್ಚೇಸ್‌ನವರೂ ಹೇಳುತ್ತಾರೆ. ನಮ್ಮ "ಹಾಕು" ಇನ್ನೂ ಉದಾರಿ. "ಪಿಆರ್ ಹಾಕಿದೀನಿ" ಅಂದರೆ ಕೋಡ್ ಕಳಿಸಿದ್ದೂ ಆಯಿತು, ಸಾಮಾನಿಗೆ ಬೇಡಿಕೆ ಕೊಟ್ಟದ್ದೂ ಆಯಿತು, ಕೆನಡಾಕ್ಕೆ ಅರ್ಜಿ ಹಾಕಿದ್ದೂ ಆಯಿತು. "ರಿಲೀಸ್" ಮೂರು ಕಡೆಯದು: ಸಾಫ್ಟ್‌ವೇರ್ ರಿಲೀಸ್ ಆಗುತ್ತದೆ, ಪತ್ರಿಕೆಗೆ ಪ್ರೆಸ್ ರಿಲೀಸ್ ಹೋಗುತ್ತದೆ, ಖರೀದಿ, ಲೆಕ್ಕ ನೋಡಿಕೊಳ್ಳುವ ಸ್ಯಾಪ್ ಸಾಫ್ಟ್‌ವೇರಿನಲ್ಲಿ ಪರ್ಚೇಸ್ ರಿಕ್ವಿಸಿಷನ್ ಒಪ್ಪುವುದಕ್ಕೂ ರಿಲೀಸ್ ಎಂದೇ ಹೆಸರು.

ಒಂದೇ ಕಡೆ ಸೇರಿದ ಪದ ಬೇಕು. ಮರ್ಜ್, ಕಾನ್‌ಫ್ಲಿಕ್ಟ್, ಬ್ರಾಂಚ್, ರೀಬೇಸ್ ಬಂದರೆ ಅದು ಕೋಡ್. ಖರೀದಿ ಬೇಡಿಕೆಯನ್ನು ಯಾರೂ ರೀಬೇಸ್ ಮಾಡುವುದಿಲ್ಲ. ಕೊಟೇಷನ್, ವೆಂಡರ್, ಕಾಸ್ಟ್ ಸೆಂಟರ್, "ಪಿಒ ಆಯ್ತಾ?" ಬಂದರೆ ಅದು ಖರೀದಿ. ನಮ್ಮ ಮೆಸೇಜಿನಲ್ಲಿ ಅಂಥ ಪದ ಒಂದಿತ್ತು, "ಡೆಲಿವರಿ". ಸಾಫ್ಟ್‌ವೇರ್ ಕೂಡ ಡೆಲಿವರಿ ಆಗುತ್ತದೆ ನಿಜ. ಆದರೆ ಆ ಕಂಪನಿಯಲ್ಲಿ ಸಾಫ್ಟ್‌ವೇರ್ ಹೋಗುವುದಕ್ಕೆ ಎಲ್ಲರೂ "ಬಿಲ್ಡ್ ಹೋಗತ್ತೆ" ಎನ್ನುತ್ತಿದ್ದರು. ಗೇಟಿಗೆ ಗಾಡಿ ಬಂದರೆ ಮಾತ್ರ "ಡೆಲಿವರಿ". ಒಂದು ಕಡೆ ಎರಡೂ ಅರ್ಥ ಕೊಡುವ ಪದ ಇನ್ನೊಂದು ಕಡೆ ಒಂದೇ ಅರ್ಥ ಕೊಡಬಹುದು, ಅದನ್ನು ಅಲ್ಲಿನವರ ಮಾತು ಕೇಳಿಯೇ ಕಲಿಯಬೇಕು. ಮೂರು ವಾರದವಳಿಗೆ ಇದು ತಿಳಿಯದೇ ಹೋದದ್ದು ಸಹಜ. ಅದಕ್ಕೇ ಮುಂದಿನ ಹೆಜ್ಜೆಗಳೂ ಬೇಕಾಗುತ್ತವೆ.

ಕನ್ನಡದಲ್ಲಿ ಮಾತಾಡುವವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ, ಇಂಗ್ಲಿಷಿನಲ್ಲಿ ಅದು ಸಿಗುವುದಿಲ್ಲ. ನಮ್ಮ ಕ್ರಿಯಾಪದ ಮನುಷ್ಯರನ್ನೂ ವಸ್ತುವನ್ನೂ ಬೇರೆ ಮಾಡಿಯೇ ಹೇಳುತ್ತದೆ. ಪಿಒಸಿ ಎಂಬುದನ್ನು ತೆಗೆದುಕೊಳ್ಳಿ. ಪಾಯಿಂಟ್ ಆಫ್ ಕಾಂಟ್ಯಾಕ್ಟ್ ಅಂದರೆ ಸಂಪರ್ಕಕ್ಕೆ ಸಿಗುವ ವ್ಯಕ್ತಿ. ಪ್ರೂಫ್ ಆಫ್ ಕಾನ್ಸೆಪ್ಟ್ ಅಂದರೆ ಹೀಗೆ ಮಾಡಬಹುದು ಎಂದು ತೋರಿಸುವ ಚಿಕ್ಕ ಮಾದರಿ. "ನಾಳೆ ಪಿಒಸಿ ಬರ್ತಾರೆ" ಎಂದರೆ ಆಳು, "ನಾಳೆ ಪಿಒಸಿ ಬರತ್ತೆ" ಎಂದರೆ ಮಾದರಿ. "ಪಿಒಸಿ ಯಾರು?" ಎಂದರೆ ಒಂದು, "ಪಿಒಸಿ ಎಲ್ಲಿಗೆ ಬಂತು?" ಎಂದರೆ ಇನ್ನೊಂದು. ಹಾಗೆಯೇ "ಪಿಎಂ ಹೇಳಿದ್ರು" ಎಂದರೆ ಪ್ರಾಜೆಕ್ಟ್ ಅಥವಾ ಪ್ರಾಡಕ್ಟ್ ಮ್ಯಾನೇಜರ್. "ಮೂರನೇ ಮಷೀನಿಂದು ಪಿಎಂ ಆಗಿಲ್ಲ" ಎಂದರೆ ಪ್ರಿವೆಂಟಿವ್ ಮೇಂಟೆನೆನ್ಸ್, ಕೆಡುವ ಮೊದಲೇ ಮಾಡುವ ಸರ್ವಿಸ್. "ಪಿಆರ್‌ನವರು" ಎಂದ ಕೂಡಲೇ ಅದು ಪಬ್ಲಿಕ್ ರಿಲೇಷನ್ಸ್ ವಿಭಾಗ. "ಪಿಆರ್ ಸಿಕ್ತಂತೆ" ಎಂದರೆ ವಿದೇಶದ ಮಾತು, ಏಕೆಂದರೆ ಪುಲ್ ರಿಕ್ವೆಸ್ಟ್ ಆಗುತ್ತದೆ, ಹೋಗುತ್ತದೆ, ಯಾರಿಗೂ "ಸಿಗುವುದಿಲ್ಲ".

ಮೀಟಿಂಗಿನಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಮಾತಾಡುವಾಗ ಶಾರ್ಟ್ ಫಾರ್ಮ್ ಗೊತ್ತಾಗದಿದ್ದರೆ, ಅದರ ಬಾಲಕ್ಕೆ ಅಂಟಿದ ಪ್ರತ್ಯಯ ಮತ್ತು ಕೊನೆಯ ಕ್ರಿಯಾಪದದ ಮೇಲೆ ಕಿವಿ ಇಡಿ. ಮುಕ್ಕಾಲು ಪಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ. ಒಂದು ಎಚ್ಚರ: ಚಾಟಿನಲ್ಲಿ ಬರೆಯುವಾಗ ಜನ ಕ್ರಿಯಾಪದವನ್ನೇ ನುಂಗಿಬಿಡುತ್ತಾರೆ. "ಪಿಒಸಿ ಪ್ಲೀಸ್" ಎಂಬ ಮೆಸೇಜಿಗೆ ಈ ಉಪಾಯ ನಡೆಯುವುದಿಲ್ಲ.

ಅಂಕಿ ಮತ್ತು ಅಕ್ಷರದ ರೂಪ

ಶಾರ್ಟ್ ಫಾರ್ಮ್ ಹತ್ತಿರ ಒಂದು ನಂಬರ್ ಇದ್ದರೆ ಪದಕ್ಕಿಂತ ಅದನ್ನೇ ಹೆಚ್ಚು ನಂಬಬಹುದು. ಗಿಟ್‌ಹಬ್ ಪುಲ್ ರಿಕ್ವೆಸ್ಟಿನ ನಂಬರ್ ಚಿಕ್ಕದಾಗಿ, ಮೊದಲಿಗೆ ಹ್ಯಾಶ್ ಇಟ್ಟುಕೊಂಡು ಬರುತ್ತದೆ: `#482`. ಗಿಟ್‌ಲ್ಯಾಬ್‌ನಲ್ಲಿ ಅದೇ ವಸ್ತುವಿಗೆ ಮರ್ಜ್ ರಿಕ್ವೆಸ್ಟ್ ಎಂದು ಹೆಸರು, ನಂಬರ್ `!482` ಎಂದು ಬರುತ್ತದೆ. ಅಲ್ಲಿ ಹ್ಯಾಶ್ ಇದ್ದರೆ ಅದು ಇಶ್ಯೂ. ಸ್ಯಾಪ್‌ನಲ್ಲಿ ಖರೀದಿ ಬೇಡಿಕೆಯ ನಂಬರ್ ಉದ್ದ, ಹ್ಯಾಶ್ ಇರುವುದಿಲ್ಲ. ಮುಂದಿನ ಹಂತದ ಪರ್ಚೇಸ್ ಆರ್ಡರ್, ಅಂದರೆ ಪಿಒ, ಸಾಮಾನ್ಯವಾಗಿ 45ರಿಂದ ಶುರುವಾಗುವ ಹತ್ತು ಅಂಕಿ. ಕಂಪನಿಗಳು ಈ ಸರಣಿಯನ್ನು ಬದಲಾಯಿಸಿಕೊಳ್ಳಬಹುದು. ಹಾಗಾಗಿ ಹಳೆಯ ಒಂದು ಪಿಒ ತೆಗೆದು ನಿಮ್ಮಲ್ಲಿ ನಂಬರ್ ಹೇಗಿದೆ ಎಂದು ಒಮ್ಮೆ ನೋಡಿಟ್ಟುಕೊಳ್ಳಿ.

ಎಂಎಲ್ ವಿಷಯದಲ್ಲಿ ಅಕ್ಷರದ ರೂಪವೇ ಅರ್ಧ ಉತ್ತರ ಹೇಳುತ್ತದೆ. ಅಂಕಿಯ ಪಕ್ಕ `5 mL` ಅಥವಾ `5 ml` ಎಂದಿದ್ದರೆ ಮಿಲಿಲೀಟರ್. ಎರಡೂ ದೊಡ್ಡಕ್ಷರ `ML` ಆಗಿ ಪಕ್ಕದಲ್ಲಿ ಮಾಡೆಲ್, ಟ್ರೈನಿಂಗ್ ಇದ್ದರೆ ಮೆಷಿನ್ ಲರ್ನಿಂಗ್. ಫೈಲ್ ಹೆಸರು `ml.json` ಆಗಿದ್ದು ಅದರ ಪಕ್ಕದಲ್ಲೇ `kn.json`, `ta.json` ಕಂಡರೆ ಅದು ಮಲಯಾಳಂ. ಭಾಷೆಗಳ ಅಂತರರಾಷ್ಟ್ರೀಯ ಸಂಕೇತದಲ್ಲಿ ಮಲಯಾಳಂಗೆ `ml`, ನಮಗೆ `kn`. ಫೈಲಿನ ಬಾಲ `.ml` ಆಗಿದ್ದರೆ ಓಕ್ಯಾಮಲ್ ಭಾಷೆಯ ಕೋಡ್ ಇರಬಹುದು. ಒಬ್ಬನೇ ಎಂಜಿನಿಯರ್ ಒಂದೇ ಪ್ರಾಜೆಕ್ಟಿನಲ್ಲಿ ಇವುಗಳಲ್ಲಿ ಎರಡನ್ನು ನೋಡುವುದು ಅಪರೂಪವೇನಲ್ಲ. ಅಕ್ಕಪಕ್ಕದ ಫೈಲುಗಳನ್ನು ನೋಡಿದರೆ ಅರ್ಥ ತಾನಾಗಿ ನಿಲ್ಲುತ್ತದೆ.

ಚಾಟಿನಲ್ಲಿ ಮಾತ್ರ ಅಕ್ಷರದ ರೂಪವನ್ನು ನಂಬಬೇಡಿ. ಫೋನಿನಲ್ಲಿ ಟೈಪ್ ಮಾಡುವವರು ಎಲ್ಲವನ್ನೂ ಚಿಕ್ಕಕ್ಷರದಲ್ಲೇ ಹೊಡೆಯುತ್ತಾರೆ.

ಈ ಕೆಲಸ ಮಾಡಲು ಯಾರ ಕೈಯಲ್ಲಿ ಆಗುತ್ತದೆ?

ಹೇಳಿದವರು ಯಾರು ಎಂದು ನೋಡು ಅನ್ನುವುದು ಸಾಮಾನ್ಯ ಸಲಹೆ. ಅದು ದುರ್ಬಲ ಸುಳಿವು. ಟೆಸ್ಟಿಂಗ್ ಲೀಡ್ ಸಾಫ್ಟ್‌ವೇರಿನವರು, ಆದ್ದರಿಂದ ಪುಲ್ ರಿಕ್ವೆಸ್ಟ್ ಎಂದುಕೊಂಡೇ ಆ ಹುಡುಗಿ ಮೋಸಹೋದದ್ದು. ಕೋಡ್ ಬರೆಯುವವರಿಗೂ ಸ್ಕ್ಯಾನರ್ ಬೇಕಾಗುತ್ತದೆ, ಲ್ಯಾಪ್‌ಟಾಪ್ ಬೇಕಾಗುತ್ತದೆ, ಅವರೂ ಖರೀದಿ ಬೇಡಿಕೆ ಹಾಕುತ್ತಾರೆ.

ಹೇಳಿದ್ದು ಯಾರಿಗೆ ಎಂಬುದು ಅದಕ್ಕಿಂತ ಗಟ್ಟಿ ಸುಳಿವು. ಆ ಮೆಸೇಜಿನಲ್ಲಿ ಟ್ಯಾಗ್ ಮಾಡಿದ್ದದ್ದು ಪ್ಲಾಂಟ್ ಮ್ಯಾನೇಜರನ್ನು. ಅವರಿಗೆ ಗಿಟ್‌ಹಬ್ ಖಾತೆಯೇ ಇರಲಿಲ್ಲ. ಪುಲ್ ರಿಕ್ವೆಸ್ಟನ್ನು ಒಪ್ಪಲು ಸಾಧ್ಯವೇ ಇಲ್ಲದವರನ್ನು ಕರೆದು ಪುಲ್ ರಿಕ್ವೆಸ್ಟ್ ಒಪ್ಪಿ ಎಂದು ಯಾರು ಕೇಳುತ್ತಾರೆ? ಸ್ಯಾಪ್‌ನಲ್ಲಿ ಖರೀದಿ ಬೇಡಿಕೆಯನ್ನು ಯಾರು ಒಪ್ಪಬೇಕು ಎಂಬುದು ಸಾಮಾನ್ಯವಾಗಿ ಮೊತ್ತ, ಕಾಸ್ಟ್ ಸೆಂಟರ್ ನೋಡಿ ಮೊದಲೇ ನಿಗದಿಯಾಗಿರುತ್ತದೆ. ಆ ಮೊತ್ತಕ್ಕೆ ಒಪ್ಪುವ ಅಧಿಕಾರ ಪ್ಲಾಂಟ್ ಮ್ಯಾನೇಜರ್ ಹತ್ತಿರ ಇತ್ತು. ಈ ಒಂದೇ ಸುಳಿವು ಸಾಕಾಗಿತ್ತು.

ಹಾಗಾಗಿ ಕ್ರಿಯಾಪದವನ್ನು ಹಿಡಿದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಮಾಡಬೇಕಾದ ಕೆಲಸ "ಒಪ್ಪುವುದು". ಟ್ಯಾಗ್ ಆದ ವ್ಯಕ್ತಿ ಈ ಎರಡರಲ್ಲಿ ಯಾವುದನ್ನು ಒಪ್ಪಬಲ್ಲರು? ಯಾರನ್ನೂ ಟ್ಯಾಗ್ ಮಾಡದೆ ಬರೀ ಗ್ರೂಪಿಗೆ ಹಾಕಿದ್ದರೆ ಈ ಸುಳಿವು ಇರುವುದಿಲ್ಲ. ಆಗ ಹಿಂದಕ್ಕೆ ಹೋಗಬೇಕು.

ಹಿಂದಕ್ಕೆ ಹುಡುಕುವ ರೀತಿ

ಸರ್ಚ್ ಬಾಕ್ಸಿನಲ್ಲಿ ಬರೀ ಪಿಆರ್ ಎಂದು ಹೊಡೆದರೆ ಸಾವಿರ ಮೆಸೇಜ್ ಬಂದು ಸುರಿಯುತ್ತವೆ, ಜನ ಅಲ್ಲಿಗೇ ಕೈಬಿಡುತ್ತಾರೆ. ಶಾರ್ಟ್ ಫಾರ್ಮನ್ನು ಹುಡುಕಬೇಡಿ. ಹೇಳಿದ ವ್ಯಕ್ತಿಯನ್ನೂ ದಿನವನ್ನೂ ಹುಡುಕಿ. ಯಾವುದೇ ವಿಷಯ ಮೊದಲ ಸಲ ಬಂದಾಗ ಜನ ಸ್ವಲ್ಪ ಬಿಡಿಸಿ ಹೇಳಿರುತ್ತಾರೆ, ಎರಡನೆಯ ಮೂರನೆಯ ಸಲಕ್ಕೆ ಎರಡಕ್ಷರಕ್ಕೆ ಇಳಿಯುತ್ತಾರೆ. ಆ ಮೊದಲ ಸಲದ ಮಾತು ನಮಗೆ ಬೇಕು. ಸ್ಲ್ಯಾಕ್‌ನಲ್ಲಾದರೆ ಹೀಗೆ, ಹೆಸರು ಮತ್ತು ದಿನಾಂಕದ ಜಾಗದಲ್ಲಿ ನಿಮ್ಮದನ್ನು ಇಟ್ಟು:

```
from:@testlead in:#line-support after:2024-03-10 before:2024-03-16
```

ಆ ದಿನ ಹೀಗೆ ಹುಡುಕಿದ್ದರೆ ಬುಧವಾರದ ಮೆಸೇಜ್ ಸಿಗುತ್ತಿತ್ತು: "ಸ್ಕ್ಯಾನರ್ ಕೊಟೇಷನ್ ಬಂತು, ಪಿಆರ್ ಹಾಕಿದೀನಿ, 10023417." ಕೊಟೇಷನ್ ಎಂಬ ಪದ, ಹ್ಯಾಶ್ ಇಲ್ಲದ ಎಂಟಂಕಿಯ ನಂಬರ್, ಎರಡೂ ಒಂದೇ ಸಾಲಿನಲ್ಲಿ ಇದ್ದವು.

ನಂಬರ್ ಸಿಕ್ಕಿತೆಂದರೆ ಊಹೆ ಮುಗಿಯಿತು, ನೇರ ಹೋಗಿ ನೋಡಬಹುದು. ಸ್ಯಾಪ್ ಬಳಕೆಗೆ ಅನುಮತಿ ಇದ್ದವರು `ME53N` ತೆರೆದು ಆ ನಂಬರ್ ಹಾಕಿದರೆ ಬೇಡಿಕೆ ಕಾಣುತ್ತದೆ. ಅದು ಬರೀ ನೋಡುವ ಪರದೆ, ಅಲ್ಲಿ ಏನೂ ಬದಲಾಗುವುದಿಲ್ಲ. ಒಪ್ಪುವ ಪರದೆ `ME54N`. ಅರ್ಥ ಖಚಿತ ಮಾಡಿಕೊಳ್ಳಲು ಅದನ್ನು ತೆರೆಯುವ ಅಗತ್ಯವಿಲ್ಲ. ಗಿಟ್‌ಹಬ್ ಕಡೆಯಲ್ಲಿ ನಿಮ್ಮ ರಿವ್ಯೂಗಾಗಿ ಕಾಯುತ್ತಿರುವುದು ಯಾವುದು ಎಂದು ಈ ಸರ್ಚ್ ತೋರಿಸುತ್ತದೆ:

```
is:pr is:open review-requested:@me
```

ಆ ಹುಡುಗಿ ಇದನ್ನು ಹಾಕಿದ್ದರೆ ಪಟ್ಟಿ ಖಾಲಿ ಬರುತ್ತಿತ್ತು, ಏಕೆಂದರೆ ಆ ಪುಲ್ ರಿಕ್ವೆಸ್ಟಿಗೆ ಲೀಡ್ ಯಾರ ರಿವ್ಯೂವನ್ನೂ ಕೇಳಿರಲಿಲ್ಲ. ಇವತ್ತೇ ಆಗಬೇಕು ಎನ್ನುವವರು ರಿವ್ಯೂ ಕೇಳದೇ ಬಿಟ್ಟಿದ್ದಾರೆ ಎಂದರೆ ಅದು ವಿಚಿತ್ರ. ಹೀಗೆ ಒಂದು ಅರ್ಥ ತೆಗೆದುಕೊಂಡ ಮೇಲೆ ಯಾವುದಾದರೂ ಸಂಗತಿ ವಿಚಿತ್ರವಾಗಿ ಕಂಡರೆ, ಅದನ್ನು ಬದಿಗೊತ್ತಬೇಡಿ. ತಪ್ಪು ಅರ್ಥ ಹಿಡಿದಿದ್ದೇವೆ ಎಂದು ತಿಳಿಯುವುದು ಹೆಚ್ಚಿನ ಸಲ ಹೀಗೇ.

ಡಾಕ್ಯುಮೆಂಟ್‌ಗಳಲ್ಲಿ ಎಂಎಲ್ ಹುಡುಕುವಾಗ ಇನ್ನೊಂದು ತೊಡಕಿದೆ. ಎಚ್‌ಟಿಎಂಎಲ್, ಎಕ್ಸ್‌ಎಂಎಲ್, ವೈಎಎಂಎಲ್ ಎಲ್ಲದರ ಬಾಲದಲ್ಲೂ ಆ ಎರಡಕ್ಷರ ಇದೆ. ಪೂರ್ಣ ಪದವಾಗಿ ಬಂದಲ್ಲಿ ಮಾತ್ರ ತೋರಿಸು ಎಂದು ಹೇಳಲು `-w` ಸೇರಿಸಿ:

```
grep -rnw "ML" docs/
```

ಇದು ದೊಡ್ಡಕ್ಷರದ `ML` ಅನ್ನು ಮಾತ್ರ ಹಿಡಿಯುತ್ತದೆ. ಮಿಲಿಲೀಟರಿನ `mL` ಬಿಟ್ಟುಹೋಗುತ್ತದೆ, ನಮಗೆ ಬೇಕಾದ್ದೂ ಅದೇ.

ಓಪನ್ ಸೋರ್ಸ್ ಕೆಲಸ ಮಾಡುವವರಿಗೆ ಒಂದು ಮಾತು. ಜಿಸಿಸಿ ಕಂಪೈಲರಿನ ಕಮಿಟ್‌ಗಳಲ್ಲಿ `PR c++/` ಎಂದು ಶುರುವಾಗಿ ನಂಬರ್ ಬಂದರೆ ಅದು ಪುಲ್ ರಿಕ್ವೆಸ್ಟ್ ಅಲ್ಲ, ಪ್ರಾಬ್ಲಂ ರಿಪೋರ್ಟ್, ಅಂದರೆ ದೋಷದ ವರದಿ. ಗಿಟ್‌ಹಬ್ ಹುಟ್ಟಿದ್ದು 2008ರಲ್ಲಿ. ಈ ಬಳಕೆ ಅದಕ್ಕಿಂತ ಹಳೆಯದು. ಹಳೆಯ ಯೋಜನೆಗಳಲ್ಲಿ ಹಳೆಯ ಅರ್ಥವೇ ಗಟ್ಟಿಯಾಗಿ ಕೂತಿರುತ್ತದೆ.

ಬಿಡಿಸಿ ಇಟ್ಟು ಓದಿ ನೋಡಿ

ಈಗ ಶಾರ್ಟ್ ಫಾರ್ಮ್ ತೆಗೆದು ಆ ಜಾಗದಲ್ಲಿ ಪ್ರತಿಯೊಂದು ಫುಲ್ ಫಾರ್ಮನ್ನೂ ಇಟ್ಟು ಇಡೀ ವಾಕ್ಯವನ್ನು ಓದಿ. ಇದಕ್ಕೆ ಒಳ್ಳೆಯ ಉದಾಹರಣೆ ರಜೆಯ ಪಟ್ಟಿ.

ಟೀಮಿನ ಎಕ್ಸೆಲ್ ಶೀಟಿನಲ್ಲಿ ಸಿಎಲ್, ಇಎಲ್, ಎಂಎಲ್ ಎಂದು ಮೂರು ಕಾಲಂ ಇವೆ ಎನ್ನಿ. ಕ್ಯಾಶುಯಲ್ ಲೀವ್, ಅರ್ನ್ಡ್ ಲೀವ್ ಪಕ್ಕದಲ್ಲಿ ಕೂತದ್ದು ಮೆಷಿನ್ ಲರ್ನಿಂಗ್ ಅಲ್ಲ ಎಂಬುದು ತಕ್ಷಣ ಗೊತ್ತಾಗುತ್ತದೆ. ಅಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಆದರೆ ರಜೆಯಲ್ಲೇ ಎರಡು ಎಂಎಲ್ ಇವೆ, ಮೆಟರ್ನಿಟಿ ಲೀವ್ ಮತ್ತು ಮೆಡಿಕಲ್ ಲೀವ್. ಒಬ್ಬ ಸಹೋದ್ಯೋಗಿಯ ಹೆಸರಿನ ಎದುರು ಎಂಎಲ್ 3 ಎಂದಿದೆ. ಬಿಡಿಸಿ ಓದಿ: "ಮೆಟರ್ನಿಟಿ ಲೀವ್ ಮೂರು ದಿನ." ನಿಲ್ಲುವುದಿಲ್ಲ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ ಕಾನೂನು ಕೊಡುವುದು 26 ವಾರ, ಅಂದರೆ 182 ದಿನ. "ಮೆಡಿಕಲ್ ಲೀವ್ ಮೂರು ದಿನ" ಎಂದರೆ ಸಲೀಸಾಗಿ ನಿಲ್ಲುತ್ತದೆ. ಇನ್ನೂ ಖಚಿತ ಬೇಕಿದ್ದರೆ ಕಾಲಂ ಕೆಳಗೆ ಕಣ್ಣು ಹಾಯಿಸಿ. ಗಂಡಸರ ಹೆಸರಿನ ಎದುರೂ ಎಂಎಲ್ ಅಂಕಿ ಇದ್ದರೆ ಅದು ಮೆಡಿಕಲ್. ಕಾಲಂ ಪೂರ್ತಿ ಖಾಲಿ ಇದ್ದು ಒಂದೆರಡು ಕಡೆ ಮಾತ್ರ 182 ಇದ್ದರೆ ಅದು ಮೆಟರ್ನಿಟಿ.

ಇದನ್ನು ಕೇಳಿಯೇ ತಿಳಿದುಕೊಳ್ಳೋಣ ಎಂದು ಹೊರಟರೆ ಆಗುವ ಅನಾಹುತ ನೋಡಿ. "ಮೇಡಂ, ಅವರು ಎಂಎಲ್ ಮೇಲೆ ಹೋಗ್ತಿದಾರಾ?" ಎಂದು ನಾಲ್ಕು ಜನರ ಮಧ್ಯೆ ಕೇಳಿದರೆ ಸಂಜೆಯೊಳಗೆ ಮಹಡಿ ತುಂಬ ಸುದ್ದಿ ಹಬ್ಬಿರುತ್ತದೆ. ಆಕೆಗೆ ಬಂದದ್ದು ಬರೀ ಜ್ವರ. ಪ್ರಶ್ನೆ ಕೇಳುವುದೇ ಒಬ್ಬರ ಖಾಸಗಿ ವಿಷಯವನ್ನು ಬೀದಿಗೆ ತರುವ ಹಾಗಿದ್ದರೆ, ಕಾಲಂ ನೋಡಿ ತಿಳಿಯುವುದು ಮರ್ಯಾದೆಯ ಪ್ರಶ್ನೆಯೂ ಹೌದು.

ಊಹಿಸಲೇಬಾರದ ಜಾಗ

ಇಷ್ಟು ಮಾಡಿದ ಮೇಲೂ ಎರಡು ಅರ್ಥ ನಿಂತಿದ್ದರೆ ಕೇಳಿ. ಅದಕ್ಕೂ ಮೊದಲೇ ಕೇಳಬೇಕಾದ ಜಾಗಗಳೂ ಇವೆ. ಅಳತೆಗೋಲು ಇಷ್ಟೇ: ತಪ್ಪಿದರೆ ಸುಲಭವಾಗಿ ಹಿಂದಕ್ಕೆ ತೆಗೆದುಕೊಳ್ಳಲು ಆಗುತ್ತದೆಯೇ? ಡಾಕ್ಯುಮೆಂಟ್ ಓದುವಾಗ ತಪ್ಪು ತಿಳಿದರೆ ಮುಂದಿನ ಪುಟದಲ್ಲಿ ಸರಿಯಾಗುತ್ತದೆ. ಮರ್ಜ್ ಮಾಡುವುದು, ದುಡ್ಡು ಕಳಿಸುವುದು, ಹೊರಗಿನವರಿಗೆ ಮೇಲ್ ಹಾಕುವುದು, ಔಷಧಿ ಕೊಡುವುದು ಹಾಗಲ್ಲ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಸಂದರ್ಭ ಓದುವ ಜಾಣ್ಮೆಯೇ ಅಪಾಯವಾಗಬಹುದು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಲೇಬಾರದ ಶಾರ್ಟ್ ಫಾರ್ಮ್‌ಗಳ ಒಂದು ಪಟ್ಟಿ ಮಾಡಿತು. ಅದರಲ್ಲಿ `MS` ಇದೆ. ಅದು ಮಾರ್ಫಿನ್ ಸಲ್ಫೇಟ್ ಆಗಬಹುದು, ಮೆಗ್ನೀಷಿಯಂ ಸಲ್ಫೇಟ್ ಆಗಬಹುದು. ಒಂದು ನೋವಿನ ಔಷಧಿ, ಇನ್ನೊಂದು ಸಂಪೂರ್ಣ ಬೇರೆ ಕೆಲಸದ್ದು. ಯೂನಿಟ್ ಎಂಬುದಕ್ಕೆ ಬರೆಯುವ `U` ಕೂಡ ಇದೆ. ಕೈಬರಹದಲ್ಲಿ `10U` ಎಂದು ಬರೆದ ಇನ್ಸುಲಿನ್ ಪ್ರಮಾಣ 100 ಎಂದು ಕಂಡರೆ ಹತ್ತು ಪಟ್ಟು ಹೋಗುತ್ತದೆ. ಇಂಥಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಖಚಿತ ಇದ್ದರೂ ಬರೆದವರನ್ನು ಕೇಳಿಯೇ ಮುಂದೆ ಹೋಗಬೇಕು.

ಐಟಿಯಲ್ಲಿ ಅಂಥದ್ದೇ ಒಂದು ಚಿಕ್ಕ ಉದಾಹರಣೆ ಐಎಸ್‌ಟಿ. ನಮಗದು ಭಾರತದ ಸಮಯ. ಐರ್ಲೆಂಡಿನಲ್ಲಿ ಬೇಸಿಗೆಯ ಸಮಯಕ್ಕೂ ಅದೇ ಹೆಸರು, ಇಸ್ರೇಲಿನ ಸಮಯಕ್ಕೂ ಅದೇ. ಡಬ್ಲಿನ್‌ನ ಸಹೋದ್ಯೋಗಿ ಜುಲೈನಲ್ಲಿ "10 ಐಎಸ್‌ಟಿ" ಎಂದರೆ ನಮಗೆ ಮಧ್ಯಾಹ್ನ ಎರಡೂವರೆ. ಅವರು ನಮ್ಮ ಮೇಲಿನ ಗೌರವಕ್ಕೆ ಭಾರತದ ಸಮಯವನ್ನೇ ಹೇಳಿರಲೂಬಹುದು. ಸಂದರ್ಭ ಎರಡು ಕಡೆಗೂ ಎಳೆಯುತ್ತದೆ. ಕ್ಯಾಲೆಂಡರ್ ಇನ್ವೈಟ್ ಕಳಿಸಿ ಎನ್ನುವುದೇ ಸರಿ, ಅದು ಸಮಯವನ್ನು ತಾನೇ ಬದಲಾಯಿಸಿ ತೋರಿಸುತ್ತದೆ.

ಕೇಳುವ ರೀತಿ

"ಪಿಆರ್ ಅಂದ್ರೆ ಏನು ಸರ್?" ಎಂದು ಕೇಳಿದರೆ ಎದುರಿನವರು "ಪರ್ಚೇಸ್ ರಿಕ್ವಿಸಿಷನ್" ಎಂದು ಎರಡು ಪದ ಹೇಳಿ ಹೋಗುತ್ತಾರೆ. ಯಾವುದು, ನಾನೇನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಇನ್ನೂ ಕೆಟ್ಟದ್ದು "ಪಿಆರ್ ನೋಡಲಾ?" ಎಂದು ಕೇಳುವುದು. ಅವರು ತಮ್ಮ ಅರ್ಥದಲ್ಲಿ "ಹೂಂ, ನೋಡಿ" ಎನ್ನುತ್ತಾರೆ, ನೀವು ನಿಮ್ಮ ಅರ್ಥದಲ್ಲಿ ಹೊರಡುತ್ತೀರಿ. ಆ ಶುಕ್ರವಾರ ಆಕೆ ಹಾಗೆ ಕೇಳಿದ್ದರೂ ಫಲ ಅದೇ ಆಗುತ್ತಿತ್ತು.

ಪ್ರಶ್ನೆಯಲ್ಲಿ ಶಾರ್ಟ್ ಫಾರ್ಮ್ ಇರಬಾರದು. ನೀವು ಹಿಡಿದ ಅರ್ಥ, ಅದಕ್ಕೆ ಕಾರಣ, ಮಾಡಲು ಹೊರಟ ಕೆಲಸ ಮೂರೂ ಇರಬೇಕು. ಹೀಗೆ: "ಸರ್, ನೀವು ಹೇಳ್ತಿರೋದು ಬುಧವಾರ ಹಾಕಿದ ಸ್ಕ್ಯಾನರ್ ಖರೀದಿ 10023417 ತಾನೆ? ಗಿಟ್‌ಹಬ್‌ನಲ್ಲಿ ನಿಮ್ದು ಇನ್ನೊಂದು ಪುಲ್ ರಿಕ್ವೆಸ್ಟೂ ಇದೆ, ಅದನ್ನ ನಾನು ಮುಟ್ಟಲ್ಲ." ಈ ಮಾತಿಗೆ ಅವರು ಫೋನಿನಿಂದಲೇ "ಹೌದು" ಎಂದರೆ ಸಾಕು. ತಪ್ಪಿದ್ದರೆ ಎಲ್ಲಿ ತಪ್ಪಿತು ಎಂದು ಅವರಿಗೆ ಕಾಣುತ್ತದೆ. ಗ್ರೂಪಿನಲ್ಲಿ ಕೇಳಲು ಮುಜುಗರವಾದರೆ ಬರೆದವರಿಗೇ ನೇರ ಕೇಳಿ. ಪಕ್ಕದ ಸೀಟಿನವರನ್ನು ಕೇಳಿದರೆ ಸಿಗುವುದು ಅವರ ಊಹೆ, ಅವರು ನಿಮ್ಮದೇ ಟೀಮಿನವರಾಗಿದ್ದರೆ ನಿಮ್ಮ ತಪ್ಪನ್ನೇ ಅವರೂ ಮಾಡುತ್ತಾರೆ.

ಬರೆದಿಟ್ಟುಕೊಳ್ಳುವುದು

ಸಿಕ್ಕ ಅರ್ಥವನ್ನು ಬರೆದಿಡಿ, ಆದರೆ ಬರೀ ಫುಲ್ ಫಾರ್ಮ್ ಬರೆದರೆ ಪ್ರಯೋಜನವಿಲ್ಲ. ಅದು ಗೂಗಲ್‌ನಲ್ಲೂ ಸಿಗುತ್ತದೆ. ಯಾರ ಬಾಯಲ್ಲಿ, ಯಾವ ಗುರುತಿನಿಂದ ತಿಳಿಯಿತು ಎಂಬುದನ್ನು ಬರೆಯಿರಿ. ಆ ಹುಡುಗಿ ಆಮೇಲೆ ಒಂದು ನೋಟ್‌ಬುಕ್ ಇಟ್ಟಳು, ಅದರ ಒಂದು ಸಾಲು ಹೀಗಿತ್ತು: "ಪಿಆರ್, ಖರೀದಿ. ಪರ್ಚೇಸ್, ಪ್ಲಾಂಟ್, ಕೆಲವೊಮ್ಮೆ ಟೆಸ್ಟಿಂಗ್‌ನವರು. ನಂಬರ್ 100ರಿಂದ ಶುರು, ಹ್ಯಾಶ್ ಇಲ್ಲ. ಜೊತೆಗೆ ಕೊಟೇಷನ್, ಡೆಲಿವರಿ." ಅದರ ಕೆಳಗೆ ಇನ್ನೊಂದು ಸಾಲು ಪುಲ್ ರಿಕ್ವೆಸ್ಟಿಗೆ.

ಲೀಡ್ ಕೂಡ ತಮ್ಮ ಕಡೆಯಿಂದ ಒಂದು ಬದಲಾವಣೆ ಮಾಡಿಕೊಂಡರು. ಮಿಶ್ರ ಗ್ರೂಪಿಗೆ ಬರೆಯುವಾಗ "ಸ್ಕ್ಯಾನರ್ ಪಿಆರ್", "ಕೋಡ್ ಪಿಆರ್" ಎಂದು ಮುಂದೊಂದು ಪದ ಸೇರಿಸತೊಡಗಿದರು. ಒಂದೇ ಪದ, ಟೈಪ್ ಮಾಡಲು ಎರಡು ಸೆಕೆಂಡ್. ಬೇರೆಯವರೂ ಅದನ್ನೇ ಹಿಡಿದರು.

ಆ ನೋಟ್‌ಬುಕ್ಕಿಗೂ ವಯಸ್ಸಾಗುತ್ತದೆ. ಮರುವರ್ಷ ಕೋಡನ್ನೆಲ್ಲ ಗಿಟ್‌ಲ್ಯಾಬಿಗೆ ಸಾಗಿಸಿದಾಗ ಪುಲ್ ರಿಕ್ವೆಸ್ಟ್ ಹೋಗಿ ಮರ್ಜ್ ರಿಕ್ವೆಸ್ಟ್ ಬಂತು, ಎಲ್ಲರ ಬಾಯಲ್ಲೂ ಎಂಆರ್ ಆಯಿತು. ಸ್ಟೋರ್ಸ್‌ನವರು ಮೊದಲಿನಿಂದಲೂ ಮೆಟೀರಿಯಲ್ ರಿಕ್ವಿಸಿಷನ್‌ಗೆ ಎಂಆರ್ ಎನ್ನುತ್ತಿದ್ದರು. ಗಿಟ್‌ಲ್ಯಾಬ್ ಶುರುವಾದ ಮೊದಲ ವಾರವೇ "ಎಂಆರ್ ಕ್ಲೋಸ್ ಮಾಡಿ" ಎಂಬ ಮೆಸೇಜ್ ಗ್ರೂಪಿಗೆ ಬಂತು. ಅವಳು ಯಾವುದನ್ನೂ ಮುಟ್ಟದೆ, ಕಳಿಸಿದವರ ಹಿಂದಿನ ನಾಲ್ಕು ದಿನದ ಮೆಸೇಜ್ ತೆಗೆದು ಓದುತ್ತ ಕೂತಿದ್ದಳು. "ಬೇರಿಂಗ್ ಇಶ್ಯೂ ಆಯ್ತು" ಎಂಬ ಸಾಲು ಸಿಕ್ಕಿತು. ಬೇರಿಂಗ್ ಬರುವುದು ಸ್ಟೋರ್ಸ್‌ನಿಂದ.